ಶೇ 90 ಫಲಿತಾಂಶಕ್ಕೆ ಸರಾಸರಿ ಎಷ್ಟು ಏರಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಬೆನ್ನಿಗೇ ಜಿಲ್ಲೆಗಳ ಸ್ಥಾನಪಟ್ಟಿ ಬರುತ್ತದೆ, ಅದರ ಬೆನ್ನಿಗೆ ಮುಂದಿನ ವರ್ಷದ ಗುರಿ. ಈ ಬಾರಿ ಶೇ 70 ಬಂದಿದೆ, ಮುಂದಿನ ಸಲ ಶೇ 90 ಆಗಬೇಕು ಎಂಬ ಮಾತು ಜಿಲ್ಲಾ ಮಟ್ಟದ ಸಭೆಯಿಂದ ಹೊರಟು ಬಿಇಒ ಕಚೇರಿ ದಾಟಿ ಶಾಲೆಯ ಮುಖ್ಯೋಪಾಧ್ಯಾಯರ ಮೇಜಿಗೆ ಬಂದು ಕೂರುತ್ತದೆ. ಅಲ್ಲಿಂದ ಅದು ಗಣಿತದ ಮೇಷ್ಟರ ಹೆಗಲೇರುತ್ತದೆ. ಆದರೆ ಮೇಷ್ಟರು ದಿನವೂ ಕಲಿಸುವುದು ಶೇಕಡಾವಾರು ಫಲಿತಾಂಶವನ್ನಲ್ಲ, ಪಾಠವನ್ನು. ಪಾಠ ಎಷ್ಟು ತಲುಪಿತು ಎಂದು ಅವರು ತಿಳಿಯುವುದು ಮಕ್ಕಳ ಅಂಕಗಳಿಂದ. ಹಾಗಾಗಿ ಮೇಲಿನಿಂದ ಬಂದ ಗುರಿಯನ್ನು ಅಂಕಗಳ ಭಾಷೆಗೆ ತಿರುಗಿಸಿಕೊಳ್ಳಬೇಕಾಗುತ್ತದೆ: ಇಷ್ಟು ಮಂದಿ ಉತ್ತೀರ್ಣರಾಗಬೇಕಾದರೆ ತರಗತಿಯ ಸರಾಸರಿ ಎಷ್ಟು ಏರಬೇಕು? ಈ ಪ್ರಶ್ನೆಗೆ ಖಚಿತವಾದ ಲೆಕ್ಕವಿದೆ, ಹೈಸ್ಕೂಲಿನ ಗಣಿತ ಬಲ್ಲವರು ಹತ್ತು ನಿಮಿಷದಲ್ಲಿ ಮಾಡಬಹುದು. ಆ ಲೆಕ್ಕವನ್ನು ಮಾಡಿ ನೋಡಬೇಕು ಎಂಬುದು ನನ್ನ ಮೊದಲ ಮಾತು. ಅದು ಕೊಡುವ ಉತ್ತರವನ್ನೇ ಶಾಲೆಯ ಗುರಿಯಾಗಿಸಿಕೊಳ್ಳಬಾರದು ಎಂಬುದು ಎರಡನೆಯ ಮಾತು.

ಒಂದು ತರಗತಿಯನ್ನು ಮುಂದಿಟ್ಟುಕೊಳ್ಳೋಣ. ಹತ್ತನೇ ತರಗತಿ, 40 ಮಕ್ಕಳು, ಗಣಿತದ ಪೂರ್ವಸಿದ್ಧತಾ ಪರೀಕ್ಷೆ. ನೂರಕ್ಕೆ ಪರಿವರ್ತಿಸಿದ ಅಂಕಗಳ ಸರಾಸರಿ 42. ಉತ್ತೀರ್ಣರಾಗಲು ಕರ್ನಾಟಕದಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದ 35ನ್ನೇ ಗೆರೆಯಾಗಿ ಇಟ್ಟುಕೊಳ್ಳೋಣ. ಸರಾಸರಿ ಗೆರೆಗಿಂತ 7 ಅಂಕ ಮೇಲಿದೆ. ಹಾಗಾದರೆ ಎಷ್ಟು ಮಂದಿ ಪಾಸಾಗಿದ್ದಾರೆ? ಇಷ್ಟನ್ನೇ ಹೇಳಿದರೆ ಯಾರೂ ಉತ್ತರಿಸಲಾರರು. ಎಲ್ಲರೂ 40ರಿಂದ 44ರ ನಡುವೆ ಇದ್ದರೆ ಪೂರ್ತಿ ತರಗತಿ ಪಾಸು. ಕೆಲವರು 90, ಹಲವರು 20 ಎಂದಿದ್ದರೆ ಅರ್ಧಕ್ಕರ್ಧ ಫೇಲಾಗಿದ್ದರೂ ಸರಾಸರಿ 42 ಇರಬಲ್ಲದು. ಬೇಕಾದ ಇನ್ನೊಂದು ಸಂಖ್ಯೆಯೆಂದರೆ ಅಂಕಗಳು ಎಷ್ಟು ಹರಡಿಕೊಂಡಿವೆ ಎಂಬುದು. ಪಠ್ಯಪುಸ್ತಕದಲ್ಲಿ ಅದರ ಹೆಸರು ಮಾನಕ ವಿಚಲನೆ. ಪ್ರತಿ ಮಗುವಿನ ಅಂಕ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳ ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲ ಹಿಡಿದರೆ ಸಿಗುವ ಸಂಖ್ಯೆ ಅದು. ನಮ್ಮ ತರಗತಿಯಲ್ಲಿ ಅದು 14 ಎಂದಿರಲಿ. ಅಂಕಗಳು ಗಂಟೆಯಾಕಾರದ ರೇಖೆಯಂತೆ ಹಂಚಿಹೋಗಿದ್ದರೆ, ಸರಾಸರಿಯ ಆಚೀಚೆ 14 ಅಂಕಗಳೊಳಗೆ, ಎಂದರೆ 28ರಿಂದ 56ರ ನಡುವೆ, ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಕ್ಕಳು ಇರುತ್ತಾರೆ.

ಈಗ ಸರಾಸರಿಗೂ ಗೆರೆಗೂ ಇರುವ ದೂರವನ್ನು ಅಂಕಗಳಲ್ಲಿ ಅಳೆಯದೆ ಈ ಹರಡುವಿಕೆಯನ್ನೇ ಅಳತೆಗೋಲಾಗಿ ಹಿಡಿದು ಅಳೆಯಬೇಕು. 7 ಅಂಕವೆಂದರೆ ಅರ್ಧ ಕೋಲು. ಸರಾಸರಿ ಗೆರೆಯಿಂದ ಅರ್ಧ ಕೋಲು ಮೇಲಿದ್ದರೆ ಗೆರೆ ದಾಟಿದವರು ಶೇ 69 ಎಂದು ಗಂಟೆರೇಖೆಯ ಕೋಷ್ಟಕ ಹೇಳುತ್ತದೆ. ಶೇ 90 ಮಂದಿ ದಾಟಬೇಕಾದರೆ ಸರಾಸರಿ ಎಷ್ಟು ಕೋಲು ಮೇಲಿರಬೇಕು? ಕೋಷ್ಟಕವನ್ನು ತಿರುಗಿಸಿ ಓದಿದರೆ 1.28 ಎಂದು ಸಿಗುತ್ತದೆ. ಕೋಷ್ಟಕ ಕೈಯಲ್ಲಿಲ್ಲದವರು ಎಕ್ಸೆಲ್‌ನಲ್ಲಿ ಹೀಗೆ ಬರೆದರೆ ಬೇಕಾದ ಸರಾಸರಿಯೇ ನೇರವಾಗಿ ಬರುತ್ತದೆ:

```
=35+NORM.S.INV(0.9)*14
```

ಉತ್ತರ 52.94. ಈಗಿನ ಸರಾಸರಿ 42 ಆದ್ದರಿಂದ ಏರಬೇಕಾದದ್ದು ಸುಮಾರು 11 ಅಂಕ. ಸೂತ್ರದೊಳಗಿನ 0.9 ಬದಲಿಸುತ್ತಾ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಶೇ 69ರಿಂದ 80ಕ್ಕೆ ಹೋಗಲು ಸರಾಸರಿ 5 ಅಂಕ ಏರಿದರೆ ಸಾಕು. 80ರಿಂದ 90ಕ್ಕೆ ಮತ್ತೆ 6 ಅಂಕ ಬೇಕು. 90ರಿಂದ 95ಕ್ಕೆ, ಬರೀ ಐದು ಪಾಲು ಹೆಚ್ಚಿಸಲು, ಇನ್ನೂ 5 ಅಂಕ. 95ರಿಂದ 99ಕ್ಕೆ ಹೋಗಬೇಕಾದರಂತೂ ಒಂಬತ್ತೂವರೆ ಅಂಕ ಮೇಲೆ ಹಾಕಬೇಕು, ಸರಾಸರಿ 67 ದಾಟಬೇಕು. ಗಂಟೆಯ ನಡುಭಾಗದಲ್ಲಿ ಮಕ್ಕಳು ಒತ್ತೊತ್ತಾಗಿ ನಿಂತಿರುತ್ತಾರೆ, ಅಲ್ಲಿ ಸ್ವಲ್ಪ ಜರುಗಿಸಿದರೂ ಹಲವರು ಗೆರೆ ದಾಟುತ್ತಾರೆ. ಬಾಲದ ಕಡೆ ಅವರು ದೂರ ದೂರ ಇರುತ್ತಾರೆ. ಹಾಗಾಗಿ ಕಳೆದ ವರ್ಷ ಶೇ 60ರಿಂದ 70ಕ್ಕೆ ಏರಿದ ಶಾಲೆಯನ್ನು ಮುಂದಿಟ್ಟು, ಶೇ 85 ಇರುವ ಶಾಲೆಗೆ ‘ನೀವೂ ಹತ್ತು ಏರಿಸಿ’ ಎಂದು ಹೇಳುವುದು ನ್ಯಾಯವಲ್ಲ. ಎರಡು ಕಡೆಯೂ ಸಂಖ್ಯೆ ಹತ್ತೇ. ಆದರೆ ಹರಡುವಿಕೆ 14 ಇರುವಲ್ಲಿ ಮೊದಲನೆಯದಕ್ಕೆ ಸರಾಸರಿ 4 ಅಂಕವೂ ಏರಬೇಕಿಲ್ಲ, ಎರಡನೆಯದಕ್ಕೆ ಎಂಟೂವರೆ ಏರಬೇಕು.

ಲೆಕ್ಕ ಇಷ್ಟೇ, ತಪ್ಪೇನೂ ಇಲ್ಲ. ಆದರೆ ಅದರೊಳಗೆ ಸದ್ದಿಲ್ಲದೆ ಕೂತಿರುವ ಒಂದು ಊಹೆಯಿದೆ. ಸರಾಸರಿ ಏರುವಾಗ ಹರಡುವಿಕೆ 14 ಆಗಿಯೇ ಉಳಿಯುತ್ತದೆ ಎಂದು ಸೂತ್ರ ನಂಬಿದೆ. ಅಂದರೆ 85 ತೆಗೆದ ಹುಡುಗಿಗೂ 11 ಅಂಕ ಹೆಚ್ಚಬೇಕು, 10 ತೆಗೆದ ಹುಡುಗನಿಗೂ 11 ಹೆಚ್ಚಬೇಕು, ಇಡೀ ಗಂಟೆಯನ್ನು ಎತ್ತಿ 11 ಹೆಜ್ಜೆ ಬಲಕ್ಕೆ ಇಟ್ಟಂತೆ. ಯಾವ ತರಗತಿಯೂ ಹಾಗೆ ಕಲಿಯುವುದಿಲ್ಲ, ಯಾವ ಶಿಕ್ಷಕರೂ ಹಾಗೆ ಕಲಿಸಲಾರರು. ಈ ಊಹೆ ಎಷ್ಟು ದುಬಾರಿ ಎಂಬುದು ಅಂಕಪಟ್ಟಿಯನ್ನೇ ಬಿಡಿಸಿ ನೋಡಿದಾಗ ಗೊತ್ತಾಗುತ್ತದೆ. ನಮ್ಮ 40 ಮಕ್ಕಳಲ್ಲಿ ಪಾಸಾದವರು 28, ಉಳಿದ 12 ಮಂದಿಯ ಅಂಕ 33, 32, 31, 30, 29, 28, 26, 24, 22, 19, 16, 10 ಎಂದಿರಲಿ. ಶೇ 90 ಎಂದರೆ 36 ಮಂದಿ, ಇನ್ನೂ 8 ಜನ ದಾಟಬೇಕು. ಎಲ್ಲರನ್ನೂ ಸಮನಾಗಿ ಎತ್ತುವುದಾದರೆ ಎಂಟನೆಯವನಾದ 24ರ ಹುಡುಗ 35 ಮುಟ್ಟುವ ತನಕ ಎತ್ತಬೇಕು. ತಲೆಗೆ 11 ಅಂಕ, ಸೂತ್ರ ಹೇಳಿದಷ್ಟೇ. ತರಗತಿಗೆ ಒಟ್ಟು 440 ಅಂಕ. ಆದರೆ ಆ ಎಂಟು ಮಕ್ಕಳಿಗೆ ಗೆರೆ ಮುಟ್ಟಲು ನಿಜವಾಗಿ ಕಡಿಮೆ ಬಿದ್ದಿರುವುದು ಎಷ್ಟು? 2, 3, 4, 5, 6, 7, 9, 11. ಕೂಡಿದರೆ 47. ತರಗತಿಯ ಸರಾಸರಿಗೆ ಹಂಚಿದರೆ ಒಂದು ಅಂಕಕ್ಕಿಂತ ಚೂರು ಹೆಚ್ಚು. ಅದೇ 36 ಮಂದಿ ಪಾಸು, ಆದರೆ ಒಂದು ದಾರಿಯಲ್ಲಿ ಸರಾಸರಿ 42ರಿಂದ 53ಕ್ಕೆ, ಇನ್ನೊಂದರಲ್ಲಿ 42ರಿಂದ 43ಕ್ಕೆ. ಸರಾಸರಿ ಎಷ್ಟು ಏರಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಯಾರ ಅಂಕ ಏರುತ್ತದೆ ಎಂದು ಹೇಳಿದ ಮೇಲಷ್ಟೇ ಉತ್ತರ ಹುಟ್ಟುತ್ತದೆ.

ಇದಕ್ಕೆ ಏಳುವ ಮೊದಲ ಆಕ್ಷೇಪ ಗಂಭೀರವಾದದ್ದು. ಹೀಗೆ ಲೆಕ್ಕ ಹಾಕಿದರೆ ಶಾಲೆಗಳು 24ರಿಂದ 34ರ ನಡುವಿನ ಮಕ್ಕಳನ್ನಷ್ಟೇ ಹಿಡಿದುಕೊಂಡು ಕೂರುವುದಿಲ್ಲವೇ? ಗೆರೆಗೆ ಹತ್ತಿರವಿರುವವರಿಗೆ ‘ಪಾಸಿಂಗ್ ಪ್ಯಾಕೇಜ್’ ಉರುಹೊಡೆಸಿ, 10ರಿಂದ 22ರ ನಡುವಿನ ನಾಲ್ವರನ್ನು ಕೈಬಿಟ್ಟು, ಮೇಲಿನವರನ್ನು ಅವರ ಪಾಡಿಗೆ ಬಿಟ್ಟು ಶೇ 90 ತೋರಿಸಿಬಿಡುತ್ತವೆಯಲ್ಲ? ಹಾಗೆ ಆಗುವ ಅಪಾಯ ಖಂಡಿತ ಇದೆ, ಅದು ಆ ನಾಲ್ಕು ಮಕ್ಕಳಿಗೆ ಬಗೆಯುವ ದ್ರೋಹ. ಆದರೆ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದಾಗ ಮಾತ್ರ ಅದು ಹಾಗೆ ಹೇಳುತ್ತದೆ. ಪೂರ್ತಿ ಮಾಡಿದರೆ ಬೇರೆಯೇ ಹೇಳುತ್ತದೆ. 24 ತೆಗೆದವನನ್ನು ಸರಿಯಾಗಿ 35ಕ್ಕೆ ತಂದು ನಿಲ್ಲಿಸಿದೆವು ಎನ್ನೋಣ. ಪರೀಕ್ಷೆಯ ದಿನ ಅವನಿಗೆ 35ಕ್ಕೆ ಕಡಿಮೆ ಬರುವುದಿಲ್ಲ ಎಂದು ಯಾರು ಹೇಳಬಲ್ಲರು? ಓದಿದ ಪಾಠದ ಪ್ರಶ್ನೆ ಬರಬಹುದು, ಬಾರದಿರಬಹುದು. ತಲೆನೋವು, ಕೂಡುವಾಗಿನ ಒಂದು ತಪ್ಪು, ಮೌಲ್ಯಮಾಪಕರ ಕೈ ಬಿಗಿಯೋ ಸಡಿಲವೋ ಎಂಬುದು, ಇವೆಲ್ಲ ಸೇರಿ ಒಂದೇ ಮಗುವಿನ ಅಂಕ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ತೂಗಾಡುತ್ತದೆ. ಈ ತೂಗಾಟವನ್ನೂ ಅಳೆಯಬಹುದು. ಎರಡು ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ ಪ್ರತಿ ಮಗುವಿನ ಅಂಕಗಳ ವ್ಯತ್ಯಾಸ ಬರೆದುಕೊಂಡು, ಆ ವ್ಯತ್ಯಾಸಗಳ ಮಾನಕ ವಿಚಲನೆ ತೆಗೆದು, 1.41ರಿಂದ ಭಾಗಿಸಿದರೆ ಒಂದು ಪರೀಕ್ಷೆಯ ತೂಗಾಟ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 5 ಅಂಕ ಎಂದಿಟ್ಟುಕೊಳ್ಳೋಣ. ಆಗ 35ರ ಮಟ್ಟದಲ್ಲಿ ನಿಂತ ಮಗು ಪಾಸಾಗುವ ಸಂಭವ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ, ಅರ್ಧಕ್ಕರ್ಧ. ಹತ್ತರಲ್ಲಿ ಒಂಬತ್ತು ಪಾಲು ಭರವಸೆ ಬೇಕಾದರೆ ಅದೇ 1.28 ಮತ್ತೆ ಬರುತ್ತದೆ: 35ಕ್ಕೆ 1.28 ಸಲ 5 ಸೇರಿಸಿ, 41 ದಾಟಬೇಕು. ಇಡೀ ತರಗತಿಗೆ ಹಾಕಿದ ಸೂತ್ರವೇ ಒಂದು ಮಗುವಿಗೂ ಹೊಂದುತ್ತದೆ, ತರಗತಿಯ ಹರಡುವಿಕೆಯ ಜಾಗದಲ್ಲಿ ಆ ಮಗುವಿನ ತೂಗಾಟ ಕೂತಿದೆ ಅಷ್ಟೇ.

ಈಗ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಫೇಲಾದ 12 ಮಂದಿಯ ಜೊತೆಗೆ ಪಾಸಾಗಿಯೂ 41ರೊಳಗೇ ಇರುವ ಮಕ್ಕಳಿದ್ದಾರೆ. 35, 36, 36, 37, 38, 39, 40, ಹೀಗೆ ಏಳು ಜನ ಎಂದಿರಲಿ. ಇವರು ಈಗಿನ ಲೆಕ್ಕದಲ್ಲಿ ಗೆದ್ದವರು, ಪರೀಕ್ಷೆಯ ದಿನ ಜಾರಬಹುದಾದವರು. ಕೆಳಗಿನ ನಾಲ್ವರನ್ನು ಕೈಬಿಟ್ಟು ಉಳಿದ ಹದಿನೈದು ಮಂದಿಯನ್ನು 41ರ ಮಟ್ಟಕ್ಕೆ ತಂದರೂ ಅವರಲ್ಲಿ ಒಬ್ಬರೋ ಇಬ್ಬರೋ ಜಾರುವುದು ಸಹಜ. ಆಗ ಉತ್ತೀರ್ಣರಾಗುವವರು 34ರ ಆಸುಪಾಸು, ಗುರಿಯ 36 ಮುಟ್ಟುವುದಿಲ್ಲ. 36 ಮಂದಿಯನ್ನಷ್ಟೇ ನೆಚ್ಚಿಕೊಂಡವರು 36 ಪಡೆಯಬೇಕಾದರೆ ಒಬ್ಬರೂ ಜಾರಕೂಡದು, ಅದು ಆಗುವ ಮಾತಲ್ಲ. ಬದಲಿಗೆ ಹತ್ತೊಂಬತ್ತೂ ಮಕ್ಕಳನ್ನು, 10 ತೆಗೆದವನನ್ನೂ ಸೇರಿಸಿಕೊಂಡು, 41ಕ್ಕೆ ತರುವುದೆಂದರೆ ಬೇಕಾದ ಅಂಕ ಒಟ್ಟು 218. ಆಗ ಇಬ್ಬರು ಜಾರಿದರೂ 38 ಮಂದಿ ಉಳಿಯುತ್ತಾರೆ. ತರಗತಿಯ ಸರಾಸರಿ ಏರುವುದು ಐದೂವರೆ ಅಂಕ, ಸೂತ್ರ ಕೇಳಿದ 11ರ ಅರ್ಧ. ಬಾಲದ ಮಕ್ಕಳನ್ನು ಕೈಬಿಟ್ಟು ಗುರಿ ಮುಟ್ಟಬಹುದೆಂಬ ಜಾಣತನ ಕರುಣೆಯ ದೃಷ್ಟಿಯಿಂದ ಮಾತ್ರವಲ್ಲ, ಲೆಕ್ಕದ ದೃಷ್ಟಿಯಿಂದಲೂ ಸೋಲುತ್ತದೆ.

ಅಂಕಗಳೆಲ್ಲ ಒಂದೇ ತೂಕದವಲ್ಲ ಎಂದು ಶಿಕ್ಷಕರು ಇಲ್ಲಿ ತಕರಾರು ತೆಗೆದರೆ ನಾನು ಒಪ್ಪುತ್ತೇನೆ. 33ರಿಂದ 41ಕ್ಕೆ ಹೋಗುವ ಹುಡುಗಿಗೆ ರೇಖಾಗಣಿತದ ಎರಡು ಪ್ರಮೇಯ, ಒಂದು ನಕ್ಷೆ ಗಟ್ಟಿಯಾದರೆ ಆದೀತು. 10 ತೆಗೆದ ಹುಡುಗನಿಗೆ ಭಿನ್ನರಾಶಿಯೇ ಬಾರದಿರಬಹುದು, ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಕಷ್ಟವಿರಬಹುದು. ಅವನ 31 ಅಂಕ ಜನವರಿಯ ವಿಶೇಷ ತರಗತಿಯಲ್ಲಿ ಸಿಗುವಂಥದ್ದಲ್ಲ, ಜೂನ್‌ನಲ್ಲೇ ಐದನೇ ತರಗತಿಯ ಲೆಕ್ಕದಿಂದ ಶುರುಮಾಡಿದರೆ ಸಿಗಬಹುದಾದದ್ದು. ಹಾಗಾಗಿ 218ನ್ನು ಶ್ರಮದ ಅಳತೆ ಎಂದು ಓದಬಾರದು. ಯಾರಿಗೆ ಎಷ್ಟು ಕಡಿಮೆ ಬಿದ್ದಿದೆ, ಯಾರ ಪಾಠ ಯಾವ ತಿಂಗಳಲ್ಲಿ ಶುರುವಾಗಬೇಕು ಎಂದು ತಿಳಿಯಲು ಓದಬೇಕು. ಸರಾಸರಿ ಈ ಎರಡರಲ್ಲಿ ಒಂದನ್ನೂ ಹೇಳುವುದಿಲ್ಲ. ಸರಾಸರಿ ಏರಿಸಲು ಅತಿ ಸುಲಭದ ದಾರಿ ಈಗಾಗಲೇ ಚೆನ್ನಾಗಿ ಓದುವವರನ್ನು ಇನ್ನಷ್ಟು ಓದಿಸುವುದು. 42ರ ಮೇಲಿರುವ 21 ಮಕ್ಕಳ ಅಂಕ ಸರಾಸರಿ 21 ಹೆಚ್ಚಿದರೆ ತರಗತಿಯ ಸರಾಸರಿ ಹನ್ನೊಂದೂ ಏರಿಬಿಡುತ್ತದೆ. ಆದರೆ ಪಾಸಾದವರ ಸಂಖ್ಯೆ 28ರಲ್ಲೇ ನಿಂತಿರುತ್ತದೆ.

ಎರಡನೆಯ ಆಕ್ಷೇಪ ಗಂಟೆಯಾಕಾರದ ರೇಖೆಯ ಬಗ್ಗೆ. ನಿಜವಾದ ಅಂಕಗಳು ಹಾಗಿರುತ್ತವೆಯೇ? ಹಲವು ಕಡೆ ಇರುವುದಿಲ್ಲ. ಟ್ಯೂಷನ್‌ಗೆ ಹೋಗುವವರೂ ಮನೆಯಲ್ಲಿ ಓದಿಸುವವರಿಲ್ಲದವರೂ ಒಂದೇ ಕೋಣೆಯಲ್ಲಿ ಕೂತಿದ್ದರೆ ಒಂದು ಗಂಟೆಯ ಬದಲು ಎರಡು ದಿಬ್ಬಗಳು ಕಾಣುತ್ತವೆ, 25ರ ಸುತ್ತ ಒಂದು, 60ರ ಸುತ್ತ ಇನ್ನೊಂದು. ಅಂಥಲ್ಲಿ ಸೂತ್ರದ ಉತ್ತರ ದಾರಿ ತಪ್ಪಿಸುತ್ತದೆ. ಪರೀಕ್ಷಿಸುವ ಬಗೆ ಸರಳ: ಸೂತ್ರ ಈಗಿನ ಫಲಿತಾಂಶವನ್ನಾದರೂ ಸರಿಯಾಗಿ ಹೇಳುತ್ತದೆಯೇ ನೋಡಿ. ನಮ್ಮ ತರಗತಿಗೆ ಅದು ಶೇ 69 ಎಂದಿತು, ಪಟ್ಟಿಯಲ್ಲಿರುವುದು 40ಕ್ಕೆ 28, ಅಂದರೆ ಶೇ 70. ಹೊಂದುತ್ತದೆ. ಇಂದಿನ ಸ್ಥಿತಿಯನ್ನೇ ಶೇ 55 ಎಂದು ತಪ್ಪಾಗಿ ಹೇಳುವ ಸೂತ್ರವನ್ನು ನಾಳೆಯ ಗುರಿಗೆ ನಂಬಬಾರದು. ಇನ್ನೂ ಒಂದು ಕಡೆ ಸೂತ್ರ ಕೈಕೊಡುತ್ತದೆ, ಅದು ಸಾರ್ವಜನಿಕ ಪರೀಕ್ಷೆಗಳ ಪ್ರಕಟಿತ ಅಂಕಗಳಲ್ಲಿ. 2013ರ ಐಸಿಎಸ್‌ಇ ಫಲಿತಾಂಶಗಳನ್ನು ನಕ್ಷೆಯಲ್ಲಿ ಬಿಡಿಸಿದಾಗ 32, 33, 34 ಅಂಕಗಳು ಯಾರಿಗೂ ಬಂದಿರಲಿಲ್ಲ. ಗೆರೆಯ ಕೆಳಗೆ ಹಳ್ಳ, ಗೆರೆಯ ಮೇಲೆ ಗುಡ್ಡೆ. ಗೆರೆಯ ಹತ್ತಿರದವರನ್ನು ಮೇಲೆ ತಳ್ಳಿದ ಮೇಲೆ ಉಳಿಯುವ ಅಂಕಗಳಲ್ಲಿ, ಒಬ್ಬ ವಿದ್ಯಾರ್ಥಿ ಗೆರೆಯಿಂದ ಎಷ್ಟು ದೂರವಿದ್ದ ಎಂಬ ಮಾಹಿತಿಯೇ ಅಳಿಸಿಹೋಗಿರುತ್ತದೆ. ಅದಕ್ಕೇ ಈ ಲೆಕ್ಕವನ್ನು ಶಾಲೆಯಲ್ಲೇ ತಿದ್ದಿದ ಪೂರ್ವಸಿದ್ಧತಾ ಪರೀಕ್ಷೆಯ ಕಚ್ಚಾ ಅಂಕಗಳ ಮೇಲೆ ಮಾಡಬೇಕು, ಮಂಡಳಿ ಕೊಟ್ಟ ಅಂತಿಮ ಅಂಕಗಳ ಮೇಲಲ್ಲ.

ಗೆರೆಯನ್ನೇ ಸರಿಸಿದರೆ ಏನಾಗುತ್ತದೆ ಎಂಬುದೂ ಇದೇ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಸೂತ್ರಕ್ಕೆ ಗೊತ್ತಿರುವುದು ಸರಾಸರಿಗೂ ಗೆರೆಗೂ ನಡುವಿನ ಅಂತರ ಮಾತ್ರ. ಸರಾಸರಿ ಮೇಲೆ ಹೋಯಿತೋ ಗೆರೆ ಕೆಳಗೆ ಬಂತೋ ಎಂದು ಅದು ಕೇಳುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಎಸ್ಸೆಸ್ಸೆಲ್ಸಿ ಉತ್ತೀರ್ಣತೆಗೆ ಒಟ್ಟಾರೆ ಶೇ 33, ಪ್ರತಿ ವಿಷಯದಲ್ಲಿ ಕನಿಷ್ಠ 30 ಎಂಬ ಬದಲಾವಣೆಯನ್ನು ಪ್ರಕಟಿಸಿತು. ವಿಷಯದ ಗೆರೆಯನ್ನಷ್ಟೇ ಹಿಡಿದು ನಮ್ಮ ಪಟ್ಟಿಗೆ ಹಚ್ಚಿದರೆ 33, 32, 31, 30 ತೆಗೆದ ನಾಲ್ವರು ಕೂತಲ್ಲೇ ಪಾಸು. 28 ಇದ್ದದ್ದು 32 ಆಗುತ್ತದೆ, ಶೇ 70 ಇದ್ದದ್ದು ಶೇ 80. ಸರಾಸರಿಯನ್ನು ಐದು ಅಂಕ ಏರಿಸಿದ್ದರೆ ಬರುತ್ತಿದ್ದ ಫಲಿತಾಂಶವೇ ಇದು. ಗೆರೆ ಇಳಿಸುವುದಕ್ಕೆ ಬೇರೆ ಒಳ್ಳೆಯ ಕಾರಣಗಳಿರಬಹುದು, ಹತ್ತನೇ ತರಗತಿಯಲ್ಲೇ ಓದು ನಿಂತುಹೋಗುವ ಮಕ್ಕಳ ಬಗ್ಗೆ ನನಗೂ ಕಳಕಳಿಯಿದೆ. ನನ್ನ ತಕರಾರು ಹೋಲಿಕೆಯ ಬಗ್ಗೆ ಮಾತ್ರ. 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ 2024ರ ಮೊದಲ ಪರೀಕ್ಷೆಯಲ್ಲಿ ಶೇ 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಿತ್ತು, ಜೊತೆಗೆ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಲಾಗಿತ್ತು. ಒಂದು ಕೈ ಫಲಿತಾಂಶವನ್ನು ಕೆಳಗೆಳೆಯಿತು, ಇನ್ನೊಂದು ಮೇಲೆತ್ತಿತು. ಹೀಗೆ ಗೆರೆ, ಕಾವಲು, ಕೃಪಾಂಕ ಮೂರೂ ಬದಲಾದಾಗ ಎರಡು ವರ್ಷಗಳ ಶೇಕಡಾವಾರನ್ನು ಅಕ್ಕಪಕ್ಕ ಇಟ್ಟು ಮಕ್ಕಳು ಕಲಿತರೋ ಇಲ್ಲವೋ ಎಂದು ಹೇಳಲಾಗದು. ಕಚ್ಚಾ ಅಂಕಗಳ ಸರಾಸರಿ ಮತ್ತು ಹರಡುವಿಕೆ ಎರಡನ್ನೂ ಪ್ರಕಟಿಸಿದರೆ, ಹಳೆಯ ಗೆರೆಯಲ್ಲಿ ಈ ವರ್ಷ ಎಷ್ಟಾಗುತ್ತಿತ್ತು ಎಂದು ಹೆಚ್ಚುಕಡಿಮೆ ಲೆಕ್ಕ ಹಾಕಬಹುದು. ಪ್ರಶ್ನೆಪತ್ರಿಕೆಗಳು ಒಂದೇ ಮಟ್ಟದಲ್ಲಿದ್ದವೇ, ಕಾವಲು ಒಂದೇ ಬಗೆಯದಾಗಿತ್ತೇ ಎಂಬ ಪ್ರಶ್ನೆಗಳು ಆಗಲೂ ಉಳಿಯುತ್ತವೆ, ಆದರೆ ನಾಲ್ಕು ಅನುಮಾನಗಳಿದ್ದಲ್ಲಿ ಎರಡು ಉಳಿಯುತ್ತವೆ.

ಇಷ್ಟು ಹೊತ್ತು ಹೇಳಿದ್ದು ಒಂದೇ ವಿಷಯದ ಕತೆ. ಎಸ್ಸೆಸ್ಸೆಲ್ಸಿಯಲ್ಲಿ ಆರು ವಿಷಯಗಳಿವೆ, ಶಾಲೆಯ ಫಲಿತಾಂಶಕ್ಕೆ ಸೇರುವುದು ಆರರಲ್ಲೂ ಗೆರೆ ದಾಟಿದವರು. ಆರೂ ಶಿಕ್ಷಕರು ತಮ್ಮ ತಮ್ಮ ವಿಷಯದಲ್ಲಿ ಶೇ 90 ತಂದರೆ ಶಾಲೆಗೆ ಶೇ 90 ಬರುತ್ತದೆಯೇ? ಆರರಲ್ಲೂ ಫೇಲಾಗುವವರು ಅದೇ ನಾಲ್ಕು ಮಕ್ಕಳಾಗಿದ್ದರೆ ಮಾತ್ರ ಬರುತ್ತದೆ. ಒಂದು ವಿಷಯದ ಸೋಲಿಗೂ ಇನ್ನೊಂದರ ಸೋಲಿಗೂ ಸಂಬಂಧವೇ ಇಲ್ಲದಿದ್ದರೆ 0.9ನ್ನು ಆರು ಸಲ ಗುಣಿಸಬೇಕು, ಸಿಗುವುದು ಶೇ 53. ನಿಜ ಇವೆರಡರ ನಡುವೆ ಎಲ್ಲೋ ಇರುತ್ತದೆ, ಏಕೆಂದರೆ ಗಣಿತದಲ್ಲಿ ಹಿಂದಿರುವ ಮಗು ವಿಜ್ಞಾನದಲ್ಲೂ ಹಿಂದಿರುವ ಸಂಭವ ಹೆಚ್ಚು. ಎಲ್ಲಿದೆ ಎಂಬುದನ್ನು ಆರು ವಿಷಯಗಳ ಆರು ಸರಾಸರಿಗಳನ್ನು ಎಷ್ಟು ನೋಡಿದರೂ ತಿಳಿಯಲಾಗದು. ಶಿಕ್ಷಕರು ತಮ್ಮ ಆರು ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿ, ಮಗುವಿನ ಹೆಸರಿಗೆ ಒಂದು ಸಾಲು, ವಿಷಯಕ್ಕೊಂದು ಮನೆ ಮಾಡಿ, ಪ್ರತಿ ಮನೆಯಲ್ಲೂ 41ಕ್ಕೆ ಎಷ್ಟು ಕಡಿಮೆ ಎಂದು ಬರೆಯಬೇಕಾಗುತ್ತದೆ. ಆಗ ಒಂದೇ ಮನೆಯಲ್ಲಿ ಅಂಕ ಕಡಿಮೆಯಿರುವ ಸಾಲುಗಳು ಯಾವುವು, ಆರೂ ಮನೆಗಳಲ್ಲಿ ಕಡಿಮೆಯಿರುವ ಸಾಲುಗಳು ಯಾವುವು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಮೊದಲಿನವರಿಗೆ ಬೇಕಾದದ್ದು ಆ ಒಂದು ವಿಷಯದ ಶಿಕ್ಷಕರ ಹೆಚ್ಚಿನ ಸಮಯ, ಎರಡನೆಯವರಿಗೆ ಬೇಕಾದದ್ದು ಓದು ಬರಹದಿಂದಲೇ ಹಿಡಿದು ವರ್ಷವಿಡೀ ನಡೆಯುವ ಬೇರೆಯ ಪಾಠ.